ಅವರೇ ಬರೆಯುತ್ತಿದ್ದಾರಾ, ಯಾರಿಂದಲೋ ಬರೆಸುತ್ತಿದ್ದಾರಾ?

ನನ್ನ ಚಿಕ್ಕಮ್ಮನ ಮಗಳು ತುಮಕೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ. ಮ್ಯಾಟ್ರಿಮೊನಿ ಆ್ಯಪ್ ಒಂದರಲ್ಲಿ ಅವಳಿಗೆ ಒಬ್ಬರು ಮ್ಯಾಚ್ ಆದರು. ಊರು ಗದಗ, ಕೆಲಸ ಪುಣೆಯಲ್ಲಿ. ಹದಿನೈದು ದಿನ ಮೆಸೇಜ್ ನಡೆದ ಮೇಲೆ ಒಂದು ಭಾನುವಾರ ಫೋನನ್ನು ನನ್ನ ಕೈಗಿಟ್ಟು, "ಅಕ್ಕಾ, ಒಂದ್ಸಲ ಓದಿ ನೋಡು. ಎಲ್ಲಾ ಚೆನ್ನಾಗೇ ಇದೆ, ಆದ್ರೆ ಇವ್ರು ಬರೀತಿರೋದು ಇವ್ರದ್ದಲ್ಲ ಅನ್ಸುತ್ತೆ" ಅಂದಳು.

ಅವಳು ಹಿಂದಿನ ದಿನ ಕಳಿಸಿದ್ದು ಇಷ್ಟು: "ಇವತ್ತು ಸಾಕಾಗೋಯ್ತು. ಬೆಳಿಗ್ಗೆಯಿಂದ ಸರ್ವರ್ ಡೌನ್. ಪಿಂಚಣಿಗೆ ಬಂದ ಅಜ್ಜ ಒಬ್ರು ಎಲ್ರ ಮುಂದೆ ಬೈದ್ರು."

ಬಂದ ಉತ್ತರ: "ಅದು ನಿಜಕ್ಕೂ ದಣಿವಿನ ದಿನವಾಗಿರಬೇಕು. ಅಂತಹ ಒತ್ತಡದ ಸಂದರ್ಭದಲ್ಲೂ ನೀವು ತಾಳ್ಮೆ ಕಾಯ್ದುಕೊಂಡಿದ್ದು ಶ್ಲಾಘನೀಯ. ದಿನದ ಕೊನೆಯಲ್ಲಿ ಮನಸ್ಸನ್ನು ಹಗುರಗೊಳಿಸಲು ನೀವು ಸಾಮಾನ್ಯವಾಗಿ ಏನು ಮಾಡುತ್ತೀರಿ?"

ತಾಳ್ಮೆ ಕಾಯ್ದುಕೊಂಡೆ ಎಂದು ಅವಳು ಹೇಳಿಯೇ ಇರಲಿಲ್ಲ. ತಿರುಗಿ ಬೈದಿದ್ದಳಂತೆ! ಉತ್ತರವನ್ನು ಎಐ ಟೂಲ್ ಬರೆದುಕೊಡುತ್ತಿದೆಯೇ ಎಂಬ ಅನುಮಾನ ಅವಳಿಗೆ ಬಂದದ್ದೇ ಅಲ್ಲಿ. ಆ ದಿನ ನಾವಿಬ್ಬರೂ ಕೂತು ಏನೇನು ನೋಡಿದೆವು, ಮುಂದೆ ಅವಳು ಏನು ಮಾಡಿದಳು ಎಂಬುದನ್ನೇ ಹಂತಹಂತವಾಗಿ ಬರೆಯುತ್ತಿದ್ದೇನೆ.

ಮೊದಲನೆಯದು: ಏನನ್ನೂ ಕೇಳುವ ಮುಂಚೆ, ಹಿಂದಿನದ್ದನ್ನೆಲ್ಲ ಒಟ್ಟಿಗೆ ಓದಿ

ದಿನಕ್ಕೊಂದೆರಡು ಮೆಸೇಜ್ ಬರುವಾಗ ಗೊತ್ತಾಗದ ಸಂಗತಿಗಳು ಒಂದೇ ಸಲಕ್ಕೆ ಓದಿದಾಗ ಎದ್ದು ಕಾಣುತ್ತವೆ. ಮೊದಲ ದಿನಕ್ಕೆ ಸ್ಕ್ರಾಲ್ ಮಾಡಿ, ಅಲ್ಲಿಂದ ಓದುತ್ತ ಬನ್ನಿ. ಹುಡುಕಬೇಕಾದದ್ದು ಮುಖ್ಯವಾಗಿ ಒಂದು ಅಚ್ಚು. ನೀವು ಹೇಳಿದ್ದನ್ನೇ ಬೇರೆ ಮಾತಿನಲ್ಲಿ ತಿರುಗಿ ಹೇಳುವುದು, ಅದಕ್ಕೊಂದು ಹೊಗಳಿಕೆ ಸೇರಿಸುವುದು, ಕೊನೆಗೆ ಒಂದು ಪ್ರಶ್ನೆ ಹಾಕುವುದು. ಮೇಲಿನ ಉತ್ತರವನ್ನು ಇನ್ನೊಮ್ಮೆ ನೋಡಿ, ಮೂರು ವಾಕ್ಯ, ಮೂರು ಕೆಲಸ.

ಹೀಗಾಗಲು ಕಾರಣವಿದೆ. ಇಂಥ ಟೂಲ್ ಬಳಸುವವರು ಸಾಮಾನ್ಯವಾಗಿ ನಿಮ್ಮ ಮೆಸೇಜನ್ನು ಕಾಪಿ ಮಾಡಿ ಚಾಟ್‌ಜಿಪಿಟಿಯಂಥದ್ದಕ್ಕೆ ಹಾಕುತ್ತಾರೆ, ಇಲ್ಲವೇ ಚಾಟ್‌ನ ಸ್ಕ್ರೀನ್‌ಶಾಟ್ ಕೊಟ್ಟರೆ ಉತ್ತರ ಬರೆದುಕೊಡುವ ಆ್ಯಪ್‌ಗೆ ಕೊಡುತ್ತಾರೆ. ಟೂಲಿಗೆ ಸಿಗುವುದು ನೀವು ಬರೆದದ್ದು ಮಾತ್ರ. ಆ ಮನುಷ್ಯ ಬೆಳಿಗ್ಗೆ ತಿಂದ ಉಪ್ಪಿಟ್ಟು, ರೂಮ್‌ಮೇಟ್ ಜೊತೆಗಿನ ಜಗಳ, ಬಾಡಿಗೆ ಮನೆಯ ನೀರಿನ ತಾಪತ್ರಯ ಅದಕ್ಕೆ ಗೊತ್ತಿಲ್ಲ. ಕೊಡಲು ಸ್ವಂತದ್ದೇನೂ ಇಲ್ಲದ್ದರಿಂದ ನಿಮ್ಮದನ್ನೇ ನಿಮಗೆ ಹಿಂದಿರುಗಿಸಿ, ಇನ್ನಷ್ಟು ಹೇಳಿ ಎಂದು ಕೇಳುತ್ತದೆ. ಹಿತವಾಗಿ ಮಾತಾಡುವ ಹಾಗೆ ಅದನ್ನು ಪಳಗಿಸಿರುವುದರಿಂದ ಹೊಗಳಿಕೆ ತಾನಾಗಿಯೇ ಸೇರಿಕೊಳ್ಳುತ್ತದೆ.

ಆದ್ದರಿಂದ ಒಂದು ಲೆಕ್ಕ ಹಾಕಿ. ಅವರ ಕೊನೆಯ ಇಪ್ಪತ್ತು ಮೆಸೇಜ್ ತೆಗೆದುಕೊಂಡು, ನೀವು ಕೇಳದೆಯೇ ಅವರು ತಮ್ಮ ಬಗ್ಗೆ ಏನಾದರೂ ಹೊಸದು ಹೇಳಿದ್ದು ಎಷ್ಟರಲ್ಲಿ ಎಂದು ಎಣಿಸಿ. "ನನಗೆ ಪ್ರಯಾಣ ಇಷ್ಟ" ಎಂಬಂಥದ್ದು ಲೆಕ್ಕಕ್ಕಿಲ್ಲ. "ಹುಬ್ಬಳ್ಳಿಯಲ್ಲಿ ರೈಲು ತಪ್ಪಿ ರಾತ್ರಿಯೆಲ್ಲ ಪ್ಲಾಟ್‌ಫಾರ್ಮಿನಲ್ಲಿ ಕೂತೆ" ಎಂಬುದು ಲೆಕ್ಕಕ್ಕಿದೆ. ಮಾತು ಕಡಿಮೆ ಇರುವವರೂ ಇಪ್ಪತ್ತರಲ್ಲಿ ಐದಾರು ಸಲ ಏನಾದರೂ ಉದುರಿಸುತ್ತಾರೆ ಎಂಬುದು ನನ್ನ ಅಂದಾಜು. ನಮ್ಮ ಗದಗಿನವರ ಇಪ್ಪತ್ತರಲ್ಲಿ ಸಿಕ್ಕಿದ್ದು ಒಂದು.

ಕನ್ನಡದಲ್ಲಿ ಬರೆದಾಗ ಬೀಳುವ ಸುಳಿವು

ಈ ವಿಷಯದಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. ನಾವು ಯಾರೂ ಬರಹದ ಕನ್ನಡದಲ್ಲಿ ಚಾಟ್ ಮಾಡುವುದಿಲ್ಲ. "ಏನ್ ಮಾಡ್ತಿದೀರ" ಎನ್ನುವವರು ಮೈಸೂರು ಕಡೆಯವರು, "ಏನ್ ಮಾಡಾಕತ್ತೀರಿ" ಎಂದರೆ ಧಾರವಾಡದ ಕಡೆ, "ಎಂತ ಮಾಡ್ತಿದ್ದೀರಿ" ಎಂದರೆ ಕರಾವಳಿ ಅಥವಾ ಮಲೆನಾಡು. ಬಹಳ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. "ನೀವು ಏನು ಮಾಡುತ್ತಿದ್ದೀರಿ" ಎಂದು ಪೂರ್ತಿ ಬರೆಯುವುದು ಶಾಲೆಯ ನೋಟಿಸು ಮಾತ್ರ. ಟೂಲ್ ಕಲಿತಿರುವುದು ಹೆಚ್ಚಾಗಿ ಪುಸ್ತಕ, ಪತ್ರಿಕೆ, ಜಾಲತಾಣದ ಕನ್ನಡವನ್ನು. ಹಾಗಾಗಿ ಅದರ ಬಾಯಿಗೆ ಮೊದಲು ಬರುವುದು ಅದೇ.

ಇದರ ಜೊತೆಗೆ ಇಂಗ್ಲಿಷಿನಿಂದ ಇಳಿದುಬಂದ ವಾಕ್ಯಗಳು. "ನಾನು ನಿಮಗಾಗಿ ಇಲ್ಲಿದ್ದೇನೆ", "ನಿಮ್ಮ ಭಾವನೆಗಳು ಸಂಪೂರ್ಣವಾಗಿ ಸಹಜ", "ಹಂಚಿಕೊಂಡಿದ್ದಕ್ಕೆ ಧನ್ಯವಾದಗಳು." ಮದುವೆ ಮಾತುಕತೆಯಲ್ಲಿರುವ ಹುಡುಗ ಹುಡುಗಿಗೆ "ಹಂಚಿಕೊಂಡಿದ್ದಕ್ಕೆ ಧನ್ಯವಾದಗಳು" ಎನ್ನುವುದು ನನಗಂತೂ ಗ್ರಾಹಕರ ಸೇವಾ ಕೇಂದ್ರದವರ ಮಾತಿನಂತೆ ಕೇಳಿಸುತ್ತದೆ.

ನನ್ನ ಲೆಕ್ಕದಲ್ಲಿ ಇದಕ್ಕಿಂತ ಗಟ್ಟಿಯಾದ ಸುಳಿವು ನೀವು–ನೀನು ಅದಲುಬದಲಾಗುವುದು. ನಮ್ಮಲ್ಲಿ 'ನೀವು' ಹೋಗಿ 'ನೀನು' ಬರುವುದು ಒಂದು ಘಟನೆ. ಯಾರೋ ಒಬ್ಬರು ಮುಜುಗರಪಟ್ಟುಕೊಂಡು "ಇನ್ಮೇಲೆ ನೀನು ಅನ್ನಬಹುದಾ" ಎಂದು ಕೇಳುತ್ತಾರೆ, ಇಲ್ಲವೇ ಜಗಳದಲ್ಲೋ ಸಲಿಗೆಯಲ್ಲೋ ಬಾಯಿ ತಪ್ಪುತ್ತದೆ. ಒಮ್ಮೆ ಬಂದ ಮೇಲೆ ಸುಮ್ಮಸುಮ್ಮನೆ ಹಿಂದಕ್ಕೆ ಹೋಗುವುದಿಲ್ಲ. ಟೂಲಿನ ಉತ್ತರಗಳು ಒಂದೊಂದೂ ಬೇರೆಬೇರೆಯಾಗಿ ತಯಾರಾಗುವುದರಿಂದ ಸೋಮವಾರ ನೀವು, ಮಂಗಳವಾರ ನೀನು, ಬುಧವಾರ ಮತ್ತೆ ನೀವು ಆಗಬಹುದು. ಆ ಬದಲಾವಣೆಯನ್ನು ಬರೆದವರೇ ಗಮನಿಸಿರುವುದಿಲ್ಲ.

ಇನ್ನು ಕೆಲವು ಸಲ ಅಂಟಿಸುವ ಅವಸರದಲ್ಲಿ ಬಾಲವೇ ಉಳಿದುಬಿಡುತ್ತದೆ. "ಖಂಡಿತ! ಇಲ್ಲಿದೆ ಒಂದು ಆತ್ಮೀಯ ಉತ್ತರ" ಎಂಬ ಮೊದಲ ಸಾಲು, ಹೆಸರಿರಬೇಕಾದ ಕಡೆ ಚೌಕಾಕಾರದ ಆವರಣ, ಅಥವಾ ಪದಗಳ ಅಕ್ಕಪಕ್ಕ `**` ಗುರುತು. ವಾಟ್ಸಾಪಿನಲ್ಲಿ ಅಕ್ಷರ ದಪ್ಪ ಮಾಡಲು ಎರಡು ಕಡೆ ಒಂದೊಂದು ನಕ್ಷತ್ರ ಹಾಕಿದರೆ ಸಾಕು, ಎರಡೆರಡು ಹಾಕುವುದು ಈ ಟೂಲುಗಳ ಪದ್ಧತಿ. ಇದು ಸಿಕ್ಕರೆ ಹೆಚ್ಚಿನ ತನಿಖೆ ಬೇಕಿಲ್ಲ.

ನಂಬಬಾರದ ಗುರುತುಗಳು

ಉದ್ದ ಅಡ್ಡಗೆರೆ ಕಂಡರೆ ಅದು ಯಂತ್ರದ್ದೇ ಎಂಬ ನಂಬಿಕೆ ಈಗ ಹಬ್ಬಿದೆ. ಐಫೋನಿನಲ್ಲಿ ಎರಡು ಚಿಕ್ಕ ಗೆರೆ ಹೊಡೆದರೆ ಅದೇ ಉದ್ದ ಗೆರೆಯಾಗುತ್ತದೆ. ತಪ್ಪಿಲ್ಲದ ಇಂಗ್ಲಿಷೂ ಸಾಕ್ಷಿಯಲ್ಲ. ಕನ್ನಡ ಮೀಡಿಯಂನಲ್ಲಿ ಓದಿ ವ್ಯಾಕರಣದ ಪುಸ್ತಕದಿಂದ ಇಂಗ್ಲಿಷ್ ಕಲಿತವರು ಪುಸ್ತಕದ ಹಾಗೆಯೇ ಬರೆಯುತ್ತಾರೆ.

ಯಂತ್ರ ಬರೆದದ್ದೋ ಎಂದು ಪತ್ತೆ ಮಾಡುವ ಸೈಟಿಗೆ ಮೆಸೇಜನ್ನು ಹಾಕಿ ನೋಡುವ ಆಸೆ ಬಂದರೆ ಎರಡು ವಿಷಯ ತಿಳಿದಿರಲಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದು ಪತ್ತೆ ಸಾಧನ ಬಿಟ್ಟಿತು. ಯಂತ್ರ ಬರೆದ ಇಂಗ್ಲಿಷ್ ಬರಹಗಳಲ್ಲಿ ಅದು ಹಿಡಿದದ್ದು ಶೇ. 26ನ್ನು ಮಾತ್ರ, ಸಾವಿರ ಅಕ್ಷರಕ್ಕಿಂತ ಚಿಕ್ಕ ಬರಹದಲ್ಲಿ ನಂಬಬೇಡಿ ಎಂದು ಅವರೇ ಹೇಳಿದ್ದರು. ಅದೇ ವರ್ಷ ಜುಲೈನಲ್ಲಿ ನಿಖರತೆ ಸಾಲದೆಂದು ವಾಪಸ್ ತೆಗೆದುಕೊಂಡರು. ಚಾಟ್ ಮೆಸೇಜ್ ಸಾವಿರ ಅಕ್ಷರ ಇರುವುದೇ ಅಪರೂಪ. ಎರಡನೆಯದು, ಅದೇ 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಪತ್ತೆ ಸಾಧನಗಳಿಗೆ, ಇಂಗ್ಲಿಷ್ ಮಾತೃಭಾಷೆಯಲ್ಲದ ವಿದ್ಯಾರ್ಥಿಗಳು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಮನುಷ್ಯರೇ ಬರೆದದ್ದನ್ನು ಸರಾಸರಿ ಶೇ. 61ರಷ್ಟು ಸಲ ಯಂತ್ರದ್ದೆಂದು ಅವು ಹೇಳಿದವು. ಅಂದರೆ ನಮ್ಮಂಥವರ ಇಂಗ್ಲಿಷೇ ಅವುಗಳ ಕಣ್ಣಿಗೆ ಯಂತ್ರದ ಇಂಗ್ಲಿಷು. ಇದೆಲ್ಲದರ ಮೇಲೆ, ಇನ್ನೊಬ್ಬರ ಖಾಸಗಿ ಮಾತನ್ನು ಗೊತ್ತಿಲ್ಲದ ಸೈಟಿಗೆ ಹಾಕುವುದು ಅವರ ಮೇಲೆ ನೀವು ಹೊರಿಸಲಿರುವ ತಪ್ಪನ್ನೇ ನೀವೂ ಮಾಡಿದಂತೆ.

ಉತ್ತರ ಬರುವ ವೇಗ ಸ್ವಲ್ಪ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಫೋನಿನಲ್ಲಿ ಜನ ಇಂಗ್ಲಿಷ್ ಹೊಡೆಯುವುದು ನಿಮಿಷಕ್ಕೆ ಸುಮಾರು 35–40 ಪದ, ಕನ್ನಡ ಇನ್ನೂ ನಿಧಾನ. ನೂರಿಪ್ಪತ್ತು ಪದಗಳ ಅಂದವಾದ ಉತ್ತರ ನಲವತ್ತು ಸೆಕೆಂಡಿನಲ್ಲಿ ಬಂದರೆ ಅದು ಬೆರಳಿನಿಂದ ಹೊಡೆದದ್ದಲ್ಲ. ಆದರೆ ಕೆಲವರು ಮಾತಾಡಿ ಟೈಪ್ ಮಾಡಿಸುತ್ತಾರೆ, ಹಾಗೆ ಬಂದದ್ದರಲ್ಲಿ ಹಲವು ಸಲ ಪೂರ್ಣವಿರಾಮ ಇರುವುದಿಲ್ಲ, ಪದಗಳು ಕಲಸಿಹೋಗಿರುತ್ತವೆ. ನೋಡಿದರೆ ಸಾಮಾನ್ಯವಾಗಿ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೆಯದು: ಸದ್ದಿಲ್ಲದೆ ಪರೀಕ್ಷಿಸಿ

ಇಲ್ಲಿ ಎಲ್ಲರೂ ಮಾಡುವ ತಪ್ಪು ಊರಿನ ಬಗ್ಗೆ ರಸಪ್ರಶ್ನೆ ಕೇಳುವುದು. ಗದಗಿನಲ್ಲಿ ಯಾವ ದೇವಸ್ಥಾನವಿದೆ ಎಂದರೆ ತ್ರಿಕೂಟೇಶ್ವರ, ವೀರನಾರಾಯಣ ಎಂದು ಟೂಲ್ ಅರೆಗಳಿಗೆಯಲ್ಲಿ ಹೇಳುತ್ತದೆ. ಧಾರವಾಡದವರು ಎಂದರೆ ಪೇಡಾ ವಿಷಯ ಅದೇ ಮೊದಲು ಎತ್ತುತ್ತದೆ. ಧಾರವಾಡದವರು ತಾವಾಗಿ ಪೇಡಾದಿಂದ ಮಾತು ಶುರು ಮಾಡಿದ್ದು ನಾನು ಕಂಡಿಲ್ಲ. ಸಾರ್ವಜನಿಕ ಜ್ಞಾನದಲ್ಲಿ ಯಂತ್ರವನ್ನು ಸೋಲಿಸಲು ಹೋಗಬೇಡಿ. ಬಲ್ಲವರೂ ಮರೆಯುವ, ಬಾಳಿದವರಿಗಷ್ಟೇ ಗೊತ್ತಿರುವ ಸಣ್ಣ ವಿಷಯ ಕೇಳಿ. ಹೈಸ್ಕೂಲಿನಲ್ಲಿ ಯಾವ ಮೇಷ್ಟ್ರಿಗೆ ಏನು ಅಡ್ಡಹೆಸರಿಟ್ಟಿದ್ದಿರಿ? ನಿನ್ನೆ ರಾತ್ರಿ ಮೆಸ್ಸಿನಲ್ಲಿ ಏನು ಕೆಟ್ಟದಾಗಿತ್ತು?

ಟೂಲು ಇದಕ್ಕೂ ಕಥೆ ಕಟ್ಟಬಲ್ಲದು. ಆದ್ದರಿಂದ ಪರೀಕ್ಷೆಯ ಅಸಲು ಭಾಗ ನಾಲ್ಕೈದು ದಿನ ಬಿಟ್ಟು ಬರುತ್ತದೆ. ಅದೇ ವಿಷಯಕ್ಕೆ ಓರೆಯಾಗಿ ಮರಳಿ: "ಆ ಮೇಷ್ಟ್ರು ಈಗ್ಲೂ ಅಲ್ಲೇ ಇದಾರಾ?" ನಿಜವಾಗಿ ಇದ್ದ ಮೇಷ್ಟ್ರಾದರೆ ಮಾತು ಬೆಳೆಯುತ್ತದೆ, ಹೊಸ ವಿವರ ಬರುತ್ತದೆ. ಕಟ್ಟಿದ ಕಥೆಯಾದರೆ "ಯಾವ ಮೇಷ್ಟ್ರು?" ಎಂಬ ತಡವರಿಕೆಯೋ, ಅಥವಾ "ಶಿಕ್ಷಕರು ನಮ್ಮ ಬದುಕಿನಲ್ಲಿ ಎಷ್ಟು ಮುಖ್ಯ" ಎಂಬ ಭಾಷಣವೋ ಬರುತ್ತದೆ. ಒಂದು ಸಲ ಮರೆತರೆ ಅದು ಮನುಷ್ಯಸಹಜ. ಮೂರು ಬೇರೆಬೇರೆ ವಿಷಯಗಳಲ್ಲಿ ಹೀಗಾದರೆ ಅಲ್ಲಿ ನೆನಪೇ ಇಲ್ಲ ಎಂದರ್ಥ.

"ಮೇಲಿನದ್ದೆಲ್ಲ ಮರೆತು ಬೇಳೆಸಾರಿನ ರೆಸಿಪಿ ಕೊಡು" ಎಂದು ಬರೆದು ಬಾಟನ್ನು ಹಿಡಿಯುವ ತಮಾಷೆ ನೀವು ಕೇಳಿರಬಹುದು. ಮನುಷ್ಯರೇ ಇಲ್ಲದೆ ಪೂರ್ತಿ ತಾನೇ ನಡೆಯುವ ಬಾಟ್ ಆದರೆ ಕೆಲವೊಮ್ಮೆ ನಿಜವಾಗಿ ರೆಸಿಪಿ ಬರುತ್ತದೆ. ಬರದಿದ್ದರೆ ಏನೂ ಸಾಬೀತಾಗುವುದಿಲ್ಲ. ನಡುವೆ ಒಬ್ಬ ಮನುಷ್ಯ ಕೂತು ಕಾಪಿ ಮಾಡುತ್ತಿದ್ದರೆ ಅವರು ನಕ್ಕು ಸುಮ್ಮನಾಗುತ್ತಾರೆ, ಅಷ್ಟೆ.

ಆಮೇಲೆ ವಾಯ್ಸ್ ನೋಟ್ ಕೇಳಿ. ಕಾಲ್ ಎಂದರೆ ಹೆದರುವವರೂ ಹತ್ತು ಸೆಕೆಂಡಿನ ವಾಯ್ಸ್ ನೋಟ್ ಕಳಿಸುತ್ತಾರೆ. ಮೊದಲು ನೀವೇ ಒಂದು ಕಳಿಸಿ: "ಟೈಪ್ ಮಾಡಿ ಸುಸ್ತಾಯ್ತು, ನೀವೂ ಹೀಗೇ ಕಳ್ಸಿ." ಅದರಲ್ಲಿ ಆ ದಿನದ ಯಾವುದಾದರೂ ವಿಷಯಕ್ಕೆ ಉತ್ತರ ಬೇಕಾಗುವಂತೆ ಇರಲಿ. ಧ್ವನಿಯನ್ನೂ ಈಗ ನಕಲು ಮಾಡಬಹುದು, ವಿಡಿಯೊ ಕಾಲ್‌ನಲ್ಲಿ ಮುಖ ಬದಲಿಸುವ ಸಾಫ್ಟ್‌ವೇರೂ ಇದೆ. ಮುಖದ ಮುಂದೆ ಕೈಯಾಡಿಸಿ, ಪಕ್ಕಕ್ಕೆ ತಿರುಗಿ ಎಂದು ಹೇಳಿದರೆ ಕೆಲವು ನಕಲುಗಳು ಕದಡುತ್ತವೆ, ಎಲ್ಲವೂ ಅಲ್ಲ. ಮ್ಯಾಟ್ರಿಮೊನಿಯಲ್ಲಾದರೆ ಹಳೆಯ ದಾರಿಯೇ ಗಟ್ಟಿ: ಆ ಊರಲ್ಲಿ ನಮ್ಮವರು ಯಾರಿದ್ದಾರೆ ಎಂದು ಹುಡುಕಿ, ಮನೆ ವಿಚಾರಿಸುವುದು.

ಮೂರನೆಯದು: ಯಾವ ಬಗೆಯದ್ದು ಎಂದು ಬೇರ್ಪಡಿಸಿ

ಒಂದೇ ತರಹ ಕಾಣುವ ಮೆಸೇಜಿನ ಹಿಂದೆ ಬೇರೆಬೇರೆ ಜನ ಇರಬಹುದು. ಬರೆಯಲು ಬಾರದೆ ಸಹಾಯ ಪಡೆದವರು ಒಂದು ಬಗೆ. ಏಕಕಾಲಕ್ಕೆ ಹತ್ತಾರು ಜನರಿಗೆ ಬರೆಯಲು ಪುರುಸೊತ್ತಿಲ್ಲದೆ ಟೂಲಿಗೆ ಒಪ್ಪಿಸಿದವರು ಇನ್ನೊಂದು. ಮೂರನೆಯವರು ಮೋಸಗಾರರು. ಇವುಗಳ ಜೊತೆ ನಮ್ಮಲ್ಲಿ ಮತ್ತೊಂದು ಸಾಧ್ಯತೆಯೂ ಇದೆ. ಪ್ರೊಫೈಲ್ ನಡೆಸುತ್ತಿರುವುದು ಹುಡುಗನೇ ಅಲ್ಲ, ಅವನ ಅಕ್ಕನೋ ಅಪ್ಪನೋ ಆಗಿರಬಹುದು. ಹಾಸ್ಟೆಲಿನಲ್ಲಿ ಗೆಳೆಯನಿಂದ ಪ್ರೇಮಪತ್ರ ಬರೆಸಿದ ಜನ ನಾವು, ಬರೆಸುವುದು ನಮಗೆ ಹೊಸದಲ್ಲ.

ಮೋಸವನ್ನು ಮೊದಲು ಬೇರ್ಪಡಿಸಿ. ಅಲ್ಲಿ ಭಾಷೆ ನೋಡಿ ಪ್ರಯೋಜನವಿಲ್ಲ, ಮಾತು ಎತ್ತ ಸಾಗುತ್ತಿದೆ ಎಂದು ನೋಡಬೇಕು. ಎರಡು ದಿನಕ್ಕೇ ಆ್ಯಪ್ ಬಿಟ್ಟು ಟೆಲಿಗ್ರಾಂಗೆ ಬನ್ನಿ ಎನ್ನುವುದು, ವಿಡಿಯೊ ಕಾಲ್‌ಗೆ ಪ್ರತಿಸಲವೂ ಕ್ಯಾಮೆರಾ ಕೆಟ್ಟಿರುವುದು, ಮಾತಿನ ನಡುವೆ ಕ್ರಿಪ್ಟೊ ಅಥವಾ ಟ್ರೇಡಿಂಗ್ ಲಾಭ ನುಸುಳುವುದು, ವಿದೇಶದಿಂದ ಕಳಿಸಿದ ಉಡುಗೊರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳುವುದು, ದಿಢೀರ್ ಆಸ್ಪತ್ರೆ ಖರ್ಚು. ಇದರಲ್ಲಿ ಹಣದ ಮಾತು ಬಂದ ಕ್ಷಣಕ್ಕೆ ಯಂತ್ರವೋ ಮನುಷ್ಯನೋ ಎಂಬ ಪ್ರಶ್ನೆ ಮುಗಿಯಿತು. ಏನನ್ನೂ ಕೇಳದೆ, ಎಚ್ಚರಿಸದೆ, ಮೊದಲು ಪ್ರೊಫೈಲ್ ಮತ್ತು ಪೂರ್ತಿ ಚಾಟಿನ ಸ್ಕ್ರೀನ್‌ಶಾಟ್ ತೆಗೆಯಿರಿ. ಅನ್‌ಮ್ಯಾಚ್ ಮಾಡಿದರೆ ಹಲವು ಆ್ಯಪ್‌ಗಳಲ್ಲಿ ಚಾಟ್ ಸಮೇತ ಮಾಯವಾಗುತ್ತದೆ, ಹಾಗಾಗಿ ಈ ಕ್ರಮ ತಪ್ಪಬಾರದು. ಆಮೇಲೆ ಆ್ಯಪ್‌ಗೆ ದೂರು ಕೊಟ್ಟು ಬ್ಲಾಕ್ ಮಾಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲಿ ದೂರು ದಾಖಲಿಸಿ. ಹಣ ಮುಂದಿನ ಖಾತೆಗೆ ದಾಟುವ ಮುಂಚೆ ತಡೆಯಲು ಸಾಧ್ಯವಾಗುವುದು ಬೇಗ ಹೇಳಿದರೆ ಮಾತ್ರ.

ನಾಲ್ಕನೆಯದು: ಕೇಳುವ ಬಗೆ

ಮೋಸದ ಲಕ್ಷಣ ಇಲ್ಲ, ಅನುಮಾನ ಮಾತ್ರ ಉಳಿದಿದೆ ಎಂದಾದರೆ ನೇರವಾಗಿ ಕೇಳುವುದೇ ಒಳ್ಳೆಯದು. "ಇದು ನೀವು ಬರೆದಿದ್ದಲ್ಲ, ಸಿಕ್ಕಿಬಿದ್ರಿ" ಎಂದರೆ ತಪ್ಪಿಲ್ಲದವರಿಗೆ ಅವಮಾನ, ತಪ್ಪಿರುವವರಿಗೆ ಸುಳ್ಳು ಹೇಳಲು ಪ್ರೇರಣೆ. ಒಪ್ಪಿಕೊಳ್ಳಲು ಜಾಗ ಬಿಟ್ಟು ಕೇಳಬೇಕು. ನಮ್ಮವಳು ಬರೆದದ್ದು ಇದು:

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಿಮ್ಮ ಮೆಸೇಜ್ ಓದಿದ್ರೆ ಯಾವುದೋ ಪುಸ್ತಕ ಓದಿದ ಹಾಗಾಗುತ್ತೆ. ಬರೆಯೋಕೆ ಏನಾದ್ರೂ ಬಳಸ್ತೀರಾ? ಬಳಸಿದ್ರೂ ಪರ್ವಾಗಿಲ್ಲ, ನನಗೆ ಗೊತ್ತಿರಲಿ ಅಂತ ಅಷ್ಟೆ."

ಇದಕ್ಕೆ ಮತ್ತೆ ಅದೇ ಮೂರು ವಾಕ್ಯದ ಅಚ್ಚಿನಲ್ಲಿ, "ನಿಮ್ಮ ಕಾಳಜಿ ಅರ್ಥವಾಗುತ್ತದೆ, ಪ್ರಾಮಾಣಿಕತೆ ಬಹಳ ಮುಖ್ಯ" ಎಂದು ಬಂದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಲು ಹೇಳುತ್ತಿದ್ದೆ. ಕೋಪ ಬಂದರೆ ಅದು ಅಷ್ಟು ಕೆಟ್ಟ ಲಕ್ಷಣವಲ್ಲ. ಸುಳ್ಳು ಆರೋಪ ಬಂದರೆ ಯಾರಿಗೂ ಕೋಪ ಬರುತ್ತದೆ, ಎರಡು ದಿನ ಬಿಟ್ಟು ನೋಡಬಹುದು.

ಅವರಿಂದ ಮೂರು ಗಂಟೆ ಉತ್ತರವೇ ಇಲ್ಲ. ರಾತ್ರಿ ಹತ್ತರ ಮೇಲೆ ಒಂದು ವಾಯ್ಸ್ ನೋಟ್ ಬಂತು. "ಹೌದ್ರೀ, ಬಳಸ್ತೀನಿ. ನಾ ಬರದ್ರ ಬರೇ ಹೂಂ, ಹಾಂ ಅಂತ ಬರ್ತದ. ಮತ್ತ ನಮ್ಮ ಭಾಷಾ ನಿಮ್ ಕಡೀಗೆ ಒರಟು ಅನಸ್ತದ ಅಂತ ಗೆಳ್ಯಾ ಒಬ್ಬಾಂವ ಹೇಳಿದ್ದ. ಹಿಂಗಾಗಿ…" ಅಷ್ಟಕ್ಕೆ ನಿಂತುಹೋಗಿತ್ತು.

ಐದನೆಯದು: ಗೊತ್ತಾದ ಮೇಲೆ ಏನು

ಒಪ್ಪಿಕೊಂಡವರೆಲ್ಲ ಮುಂದುವರಿಸಲು ತಕ್ಕವರು ಎಂದೇನಿಲ್ಲ. ಟೂಲು ಮಾಡಿಕೊಟ್ಟದ್ದು ಏನು ಎಂದು ನೋಡಿ. ತಾನು ಹೇಳಬೇಕೆಂದಿದ್ದನ್ನೇ ಅದು ನಯ ಮಾಡಿಕೊಟ್ಟಿದ್ದರೆ ಅದನ್ನು ಕಾಗುಣಿತ ತಿದ್ದಿಸಿದಂತೆ ಎಂದುಕೊಳ್ಳಬಹುದು. ಏನು ಹೇಳಬೇಕೆಂಬುದನ್ನೂ ಅದೇ ಆರಿಸಿದ್ದರೆ, ಇಷ್ಟು ದಿನ ನಿಮಗೆ ಇಷ್ಟವಾದ ಆ ಗುಣ ಯಾರದು ಎಂದು ಯೋಚಿಸಬೇಕಾಗುತ್ತದೆ. ಅದಕ್ಕೆ ಕೇಳಬೇಕಾದ ಪ್ರಶ್ನೆ: "ನಾನು ಬ್ಯಾಂಕಲ್ಲಿ ಬೈಸ್ಕೊಂಡೆ ಅಂದಾಗ ನಿಮಗೆ ನಿಜವಾಗ್ಲೂ ಏನನ್ಸಿತ್ತು?" ಅವರ ಉತ್ತರ: "ನಗಿ ಬಂತ್ರೀ. ಅಜ್ಜಗ ನೀವ್ ಏನ್ ಅಂದ್ರಿ ಅಂತ ಕೇಳ್ಬೇಕು ಅನಸ್ತು." ಅದನ್ನೇ ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಮುಂದುವರಿಸುವುದಾದರೆ ಒಂದು ಕರಾರು ಮಾಡಿಕೊಳ್ಳಿ. ಟೂಲಿಗೆ ಹಾಕಿದ ಸ್ಕ್ರೀನ್‌ಶಾಟ್‌ನಲ್ಲಿ ನಿಮ್ಮ ಹೆಸರು, ಫೋಟೊ, ಮನೆಯ ವಿಷಯ, ಅಪ್ಪನ ಕಾಯಿಲೆ ಎಲ್ಲವೂ ಮೂರನೆಯ ಕಂಪನಿಯೊಂದರ ಸರ್ವರಿಗೆ ಹೋಗಿರುತ್ತವೆ. ಹೋದದ್ದನ್ನು ವಾಪಸ್ ತರಲಾಗದು. ಆದರೂ ಆ ಆ್ಯಪ್‌ಗಳಲ್ಲಿರುವ ಚಾಟ್ ಇತಿಹಾಸವನ್ನು ಅಳಿಸಲು ಹೇಳಿ. ಇನ್ನು ಮುಂದೆ ನಿಮ್ಮ ಫೋಟೊ ಮತ್ತು ಮನೆಯವರ ವಿಷಯ ಯಾವುದಕ್ಕೂ ಹಾಕಬಾರದೆಂದು ಸ್ಪಷ್ಟವಾಗಿ ಹೇಳಿ. ಇದಕ್ಕೆ "ಅಯ್ಯೋ ಅದ್ರಲ್ಲೇನಿದೆ" ಎನ್ನುವವರ ಜೊತೆ ನಾನಾದರೆ ಮಾತು ಬೆಳೆಸುವುದಿಲ್ಲ. ಬಿಡುವುದಾದರೆ ಉದ್ದ ವಿವರಣೆ ಬೇಡ. "ನಮ್ಮಿಬ್ಬರಿಗೆ ಹೊಂದಲ್ಲ ಅನ್ಸುತ್ತೆ, ಒಳ್ಳೇದಾಗ್ಲಿ" ಎಂದು ಹೇಳಿ ಅನ್‌ಮ್ಯಾಚ್ ಮಾಡಿದರೆ ಸಾಕು. ಹತ್ತಾರು ಜನರಿಗೆ ಒಟ್ಟಿಗೆ ಬರೆಯುತ್ತಿದ್ದವರಿಗೆ ಅಷ್ಟೂ ಹೇಳಬೇಕಿಲ್ಲ.

ಅವಳು ಮುಂದುವರಿಸಿದಳು. ಟೈಪಿಂಗ್ ಕಡಿಮೆಯಾಗಿ ವಾಯ್ಸ್ ನೋಟ್ ಹೆಚ್ಚಾಯಿತು. ಗದಗಿನಲ್ಲಿರುವ ದೂರದ ನೆಂಟರೊಬ್ಬರಿಂದ ಚಿಕ್ಕಮ್ಮ ಮನೆ ವಿಚಾರಿಸಿಕೊಂಡರು, ಎಲ್ಲ ಹೇಳಿದಂತೆಯೇ ಇತ್ತು. ಎರಡು ತಿಂಗಳಿಗೆ ಹುಬ್ಬಳ್ಳಿಯಲ್ಲಿ ಎರಡೂ ಮನೆಯವರು ಸೇರಿದರು. ಸಂಬಂಧ ಕೂಡಲಿಲ್ಲ. ಅವರಿಗೆ ಪುಣೆ ಬಿಡುವ ಮನಸ್ಸಿಲ್ಲ, ಇವಳಿಗೆ ಅಲ್ಲಿಗೆ ವರ್ಗ ಸಿಗುವುದಿಲ್ಲ. ಈಗಲೂ ಯಾವಾಗಲಾದರೊಮ್ಮೆ ಬ್ಯಾಂಕಿನಲ್ಲಿ ಸರ್ವರ್ ಡೌನ್ ಆದರೆ ಅವರಿಗೆ ಮೆಸೇಜ್ ಹಾಕುತ್ತಾಳಂತೆ, "ಅಜ್ಜ ಬಂದಿದ್ರೇನ್ರೀ?" ಎಂದು ಉತ್ತರ ಬರುತ್ತದಂತೆ.